ತಾತ ಅಥವಾ ಅಜ್ಜಿ ತೀರಿಕೊಂಡಾಗ ಚಿಕ್ಕ ಮಗುವಿಗೆ ಹೇಳುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಹಿರಿಯರೊಬ್ಬರು ತೀರಿಕೊಂಡ ದಿನ ದೊಡ್ಡವರಿಗೆ ನೂರೆಂಟು ಕೆಲಸ. ಆ ಗಡಿಬಿಡಿಯಲ್ಲಿ ಮಗುವಿಗೆ ಏನು ಹೇಳಬೇಕೆಂಬ ವಿಚಾರ ಕೊನೆಗೆ ಉಳಿಯುತ್ತದೆ, ಇಲ್ಲವೇ ಯಾರೋ ಒಬ್ಬರು ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿ ಮುಗಿಸುತ್ತಾರೆ. ಇಲ್ಲಿರುವ ಉತ್ತರಗಳು ಸುಮಾರು 3ರಿಂದ 7 ವರ್ಷದೊಳಗಿನ ಮಕ್ಕಳನ್ನು ಗಮನದಲ್ಲಿ ಇಟ್ಟುಕೊಂಡಿವೆ. ಆ ಮೊದಲ ಮಾತು ಮತ್ತು ಅದರ ಬೆನ್ನಿಗೇ ಬರುವ ಪ್ರಶ್ನೆಗಳೇ ಇವುಗಳ ಮುಖ್ಯ ವಿಷಯ.

ಯಾರು ಹೇಳಬೇಕು, ಎಷ್ಟು ಬೇಗ ಹೇಳಬೇಕು?

ಮಗು ದಿನವೂ ಯಾರ ಮಡಿಲಿಗೆ ಓಡಿಬರುತ್ತದೆಯೋ ಅವರೇ ಹೇಳುವುದು ಉತ್ತಮ. ಸಾಮಾನ್ಯವಾಗಿ ಅದು ತಾಯಿ ಅಥವಾ ತಂದೆ. ತಮ್ಮ ಹೆತ್ತವರನ್ನೇ ಕಳೆದುಕೊಂಡ ಅವರಿಗೆ ಮಾತೇ ಹೊರಡದಂತಿದ್ದರೆ, ಮಗುವಿಗೆ ಸಲುಗೆಯಿರುವ ಇನ್ನೊಬ್ಬರು ಮಾತು ಆರಂಭಿಸಬಹುದು; ಆದರೆ ತಾಯಿ ಅಥವಾ ತಂದೆ ಪಕ್ಕದಲ್ಲಿ ಕುಳಿತಿರಬೇಕು.

ಸುದ್ದಿ ತಿಳಿದ ಕೆಲವೇ ಗಂಟೆಗಳೊಳಗೆ ಹೇಳಿಬಿಡುವುದು ಒಳ್ಳೆಯದು. ಮನೆಯಲ್ಲಿ ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತಿದೆ, ದೊಡ್ಡವರು ಮೂಲೆಯಲ್ಲಿ ನಿಂತು ಪಿಸುಗುಟ್ಟುತ್ತಿದ್ದಾರೆ, ತಾನು ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದಾರೆ ಎಂಬುದನ್ನೆಲ್ಲ ಮೂರು ವರ್ಷದ ಮಗುವೂ ಗಮನಿಸುತ್ತದೆ. ಕಾರಣ ತಿಳಿಯದಿದ್ದರೆ ಅದು ತನಗೆ ತೋಚಿದ ಕಾರಣವನ್ನು ಕಟ್ಟಿಕೊಳ್ಳುತ್ತದೆ, ಮತ್ತು ಹಾಗೆ ಕಟ್ಟಿಕೊಂಡದ್ದು ಬಹಳ ಸಲ ನಿಜಕ್ಕಿಂತ ಭಯಂಕರವಾಗಿರುತ್ತದೆ. ರಾತ್ರಿ ಮಲಗುವ ಹೊತ್ತಿಗೆ ಮಾತ್ರ ಹೇಳಬೇಡಿ. ಪ್ರಶ್ನೆ ಕೇಳಲು, ಸ್ವಲ್ಪ ಆಡಲು, ಮತ್ತೆ ಬಂದು ಕೇಳಲು ಮಗುವಿಗೆ ಎಚ್ಚರದ ಹೊತ್ತು ಬೇಕು.

ಮೊದಲ ಮಾತು ಹೇಗಿರಬೇಕು?

ಚಿಕ್ಕದಾಗಿರಬೇಕು. ಮಗುವನ್ನು ಪಕ್ಕದಲ್ಲೋ ತೊಡೆಯ ಮೇಲೋ ಕೂರಿಸಿಕೊಂಡು, ಟಿವಿ ಆರಿಸಿ, ಬೇಸರದ ವಿಷಯವೊಂದಿದೆ ಎಂದು ಮೊದಲು ತಿಳಿಸಿ, ನಂತರ ನೇರವಾಗಿ ವಿಷಯಕ್ಕೆ ಬರಬೇಕು. ಉದಾಹರಣೆಗೆ ಹೀಗೆ ಹೇಳಬಹುದು: “ಪುಟ್ಟಾ, ತುಂಬ ಬೇಜಾರಿನ ಒಂದು ವಿಷಯ ಹೇಳ್ಬೇಕು. ತಾತ ಇವತ್ತು ಬೆಳಿಗ್ಗೆ ಸತ್ತುಹೋದ್ರು. ಅವರ ಹೃದಯಕ್ಕೆ ತುಂಬ ದೊಡ್ಡ ಕಾಯಿಲೆ ಇತ್ತು. ಡಾಕ್ಟರ್ ಔಷಧ ಕೊಟ್ರು, ಆದ್ರೂ ವಾಸಿ ಆಗ್ಲಿಲ್ಲ. ಅವರ ದೇಹ ಕೆಲಸ ಮಾಡೋದು ನಿಂತುಹೋಯ್ತು.”

ಇಷ್ಟು ಹೇಳಿ ಸುಮ್ಮನಾಗಬೇಕು. ಬಹುಪಾಲು ಹಿರಿಯರು ಎಡವುವುದು ಈ ಮೌನದಲ್ಲಿಯೇ. ಮಗು ಏನನ್ನಾದರೂ ಹೇಳುವ ಮೊದಲೇ ಸಮಾಧಾನ, ಕಥೆ, ಚಾಕೊಲೇಟು ಎಲ್ಲವನ್ನೂ ಒಟ್ಟಿಗೆ ಮುಂದಿಡುತ್ತಾರೆ. ಅರ್ಧ ನಿಮಿಷ ಸುಮ್ಮನೆ ಕುಳಿತರೆ ಮಗುವೇ ಮುಂದಿನ ಪ್ರಶ್ನೆ ಕೇಳುತ್ತದೆ, ಮತ್ತು ಅದಕ್ಕೆ ಎಷ್ಟು ಅರ್ಥವಾಗಿದೆ ಎಂಬುದು ಆ ಪ್ರಶ್ನೆಯಿಂದ ತಿಳಿಯುತ್ತದೆ.

ಅದೇ ದಿನ ಸ್ವಲ್ಪ ಹೊತ್ತಿನ ನಂತರ, ದೇಹ ಕೆಲಸ ನಿಲ್ಲಿಸುವುದೆಂದರೇನು ಎಂದು ಬಿಡಿಸಿ ಹೇಳಬೇಕು. ತಾತ ಈಗ ಉಸಿರಾಡುವುದಿಲ್ಲ, ಅವರಿಗೆ ಹಸಿವಾಗುವುದಿಲ್ಲ, ನೋವಾಗುವುದಿಲ್ಲ, ಚಳಿಯಾಗುವುದಿಲ್ಲ, ಅವರು ನೋಡುವುದಿಲ್ಲ, ಮಾತಾಡುವುದಿಲ್ಲ, ಮತ್ತೆ ಎದ್ದು ಬರುವುದಿಲ್ಲ. ದೊಡ್ಡವರ ಕಿವಿಗೆ ಈ ಪಟ್ಟಿ ಒರಟಾಗಿ ಕೇಳಿಸಬಹುದು. ಆದರೆ ಐದು ವರ್ಷದ ಮಗುವಿಗೆ ಇದರಲ್ಲಿ ನೆಮ್ಮದಿಯಿದೆ, ಏಕೆಂದರೆ ತಾತನಿಗೆ ಅಲ್ಲಿ ಯಾರು ಊಟ ಕೊಡುತ್ತಾರೆ, ಕತ್ತಲಲ್ಲಿ ಭಯವಾಗುವುದಿಲ್ಲವೇ ಎಂಬ ಚಿಂತೆಗಳು ಆ ವಯಸ್ಸಿನಲ್ಲಿ ನಿಜವಾದ ಚಿಂತೆಗಳು.

“ಸತ್ತುಹೋದರು” ಎಂಬ ಮಾತು ಕಠೋರವಲ್ಲವೇ? ಬೇರೆ ಮಾತು ಬಳಸಬಾರದೇ?

ಹಿರಿಯರ ಬಗ್ಗೆ ಆ ಮಾತನ್ನು ಆಡಲು ನಮಗೆ ನಾಲಿಗೆ ಹೊರಳುವುದಿಲ್ಲ, ಅದು ಸಹಜ. ಆದರೆ ಆ ಮಾತಿನ ಬಿರುಸು ಕೇಳಿಸುವುದು ನಮಗೆ ಮಾತ್ರ. ಸತ್ತ ಇರುವೆಯನ್ನೋ ಜಿರಲೆಯನ್ನೋ ನೋಡಿರುವ ಮಗುವಿಗೆ ಅದು ಈಗಾಗಲೇ ಗೊತ್ತಿರುವ ಮಾತು. ನಿಮ್ಮ ಮನೆಯಲ್ಲಿ “ತೀರಿಕೊಂಡರು” ಎಂದೇ ಹೇಳುವುದಾದರೆ ಹಾಗೆಯೇ ಹೇಳಿ. ಒಂದೇ ಷರತ್ತೆಂದರೆ, ತೀರಿಕೊಳ್ಳುವುದೆಂದರೆ ಸಾಯುವುದು, ದೇಹ ಕೆಲಸ ನಿಲ್ಲಿಸಿ ಮತ್ತೆ ಎಂದೂ ಆರಂಭಿಸದಿರುವುದು ಎಂದು ಒಮ್ಮೆಯಾದರೂ ಸ್ಪಷ್ಟವಾಗಿ ಹೇಳಿರಬೇಕು.

ಬಿಡಬೇಕಾದ ಮಾತುಗಳು ಬೇರೆ ಇವೆ, ಮತ್ತು ಅವು ಕೇಳಲು ಹಿತವಾಗಿರುವುದರಿಂದಲೇ ನಾಲಿಗೆಗೆ ಬೇಗ ಬರುತ್ತವೆ. “ಅಜ್ಜಿ ಮಲಗಿದ್ದಾರೆ” ಎಂದರೆ ಮಗುವಿಗೆ ನಿದ್ದೆಯ ಭಯ ಹುಟ್ಟುತ್ತದೆ. “ಊರಿಗೆ ಹೋಗಿದ್ದಾರೆ” ಎಂದರೆ ತನಗೆ ಹೇಳದೆ ಹೋದರೆಂಬ ಮುನಿಸು ಮತ್ತು ಬಾಗಿಲ ಕಡೆ ನೋಡುತ್ತ ಕಾಯುವ ಕಾಯುವಿಕೆ. “ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ” ಎಂದರೆ ಒಳ್ಳೆಯ ಮಗುವಾಗಿರುವುದೇ ಅಪಾಯ ಎಂಬ ಲೆಕ್ಕ. “ಹುಷಾರಿರಲಿಲ್ಲ, ಅದಕ್ಕೆ ಸತ್ತುಹೋದರು” ಎಂದಷ್ಟೇ ಹೇಳಿ ನಿಲ್ಲಿಸಿದರೆ, ತನಗೆ ನೆಗಡಿಯಾದ ದಿನ ಮಗು ನಡುಗುತ್ತದೆ. ಈ ವಯಸ್ಸಿನ ಮಕ್ಕಳು ಮಾತನ್ನು ಅಕ್ಷರಶಃ ತೆಗೆದುಕೊಳ್ಳುತ್ತಾರೆ. ಬ್ಯಾಟರಿ ಮುಗಿದ ಆಟಿಕೆಯ ಹಾಗೆ ತಾತನ ದೇಹ ನಿಂತಿತು ಎಂದು ಹೋಲಿಸಿ ಹೇಳುವ ಉಪಾಯವನ್ನೂ ನಾನು ಮೆಚ್ಚುವುದಿಲ್ಲ. ಹಾಗಾದರೆ ಹೊಸ ಬ್ಯಾಟರಿ ಹಾಕೋಣ ಎಂದು ಮಗು ಹೇಳಿದಾಗ ಅದರದೇನೂ ತಪ್ಪಿರುವುದಿಲ್ಲ.

ಇಷ್ಟು ಚಿಕ್ಕ ವಯಸ್ಸಿನಲ್ಲಿ ಮಗುವಿಗೆ ನಿಜವಾಗಿ ಎಷ್ಟು ಅರ್ಥವಾಗುತ್ತದೆ?

ಸಾವೆಂಬ ತಿಳಿವಳಿಕೆ ಒಂದೇ ಏಟಿಗೆ ಬರುವಂಥದ್ದಲ್ಲ; ಅದರಲ್ಲಿ ಬಿಡಿಬಿಡಿ ತುಣುಕುಗಳಿವೆ. ಸತ್ತವರು ಮರಳಿ ಬರುವುದಿಲ್ಲ ಎಂಬುದು ಒಂದು, ಅವರ ದೇಹದ ಎಲ್ಲ ಕೆಲಸಗಳೂ ನಿಂತಿವೆ ಎಂಬುದು ಇನ್ನೊಂದು, ಬದುಕಿರುವ ಪ್ರತಿಯೊಂದು ಜೀವಿಯೂ ಒಂದು ದಿನ ಸಾಯುತ್ತದೆ ಎಂಬುದು ಮತ್ತೊಂದು, ಸಾವಿಗೆ ದೇಹಕ್ಕೆ ಸಂಬಂಧಿಸಿದ ಕಾರಣವಿರುತ್ತದೆ, ಯಾರದೋ ಸಿಟ್ಟಿನಿಂದಲೋ ಬಯಕೆಯಿಂದಲೋ ಅದು ಬರುವುದಿಲ್ಲ ಎಂಬುದು ಕೊನೆಯದು. ಹಂಗೇರಿಯ ಮರಿಯಾ ನಾಗಿ 3ರಿಂದ 10 ವರ್ಷದ ಮಕ್ಕಳನ್ನು ಕುರಿತು ನಡೆಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದಕ್ಕಿಂತ ಚಿಕ್ಕ ಮಕ್ಕಳು ಸಾವನ್ನು ಒಂದು ಬಗೆಯ ಪ್ರಯಾಣ ಅಥವಾ ನಿದ್ದೆ ಎಂದೇ ಭಾವಿಸಿದ್ದು ಕಂಡುಬಂದಿತ್ತು. ಬಹುಪಾಲು ಮಕ್ಕಳಿಗೆ ಮೊದಲ ಮೂರು ತುಣುಕುಗಳು 5ರಿಂದ 7 ವರ್ಷದ ನಡುವೆ ಕೈಗೂಡುತ್ತವೆ ಎಂದು ನಂತರದ ಅಧ್ಯಯನಗಳು ತೋರಿಸಿವೆ.

ಇದರಿಂದ ಮನೆಯವರಿಗೆ ಆಗುವ ಉಪಯೋಗವೇನೆಂದರೆ, ಮಗು ಕೇಳುವ ಪ್ರಶ್ನೆಯನ್ನು ಆಲಿಸಿ ಯಾವ ತುಣುಕು ಇನ್ನೂ ಕೂಡಿಲ್ಲ ಎಂದು ಗುರುತಿಸಬಹುದು. “ಅಜ್ಜಿ ನನ್ನ ಹುಟ್ಟುಹಬ್ಬಕ್ಕೆ ಬರ್ತಾರಾ?” ಎಂದರೆ ಮೊದಲನೆಯದು ಬಾಕಿಯಿದೆ. “ಅಜ್ಜಿಗೆ ಉಸಿರು ಕಟ್ಟಲ್ವಾ?” ಎಂದರೆ ಎರಡನೆಯದು. ಯಾವುದು ಬಾಕಿಯೋ ಅದಕ್ಕೆ ಮಾತ್ರ ಉತ್ತರ ಕೊಟ್ಟರೆ ಸಾಕು. ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಗಿಲ್ಲ.

ಹೇಳಿದ ಮೇಲೆ ಮಗು ಅಳಲಿಲ್ಲ, ಆಡಲು ಓಡಿತು. ಅದಕ್ಕೆ ಪ್ರೀತಿಯಿರಲಿಲ್ಲವೇ?

ಇತ್ತು. ಚಿಕ್ಕ ಮಕ್ಕಳ ದುಃಖ ತುಂಡುತುಂಡಾಗಿ ಬರುತ್ತದೆ. ಐದು ನಿಮಿಷ ಬಿಕ್ಕಿ, ಮರುಕ್ಷಣ ನಗುತ್ತ ಗೊಂಬೆ ಹಿಡಿದು, ಮತ್ತೆ ಸಂಜೆ ಕಾರಣವಿಲ್ಲದೆ ರಚ್ಚೆ ಹಿಡಿಯುವುದು ಸಾಮಾನ್ಯ. “ತಾತ ಸತ್ತಿದ್ದಾರೆ, ನೀನು ಆಡ್ತಿದ್ದೀಯಾ?” ಎಂದು ಯಾರಾದರೂ ಗದರಿದರೆ ದಯವಿಟ್ಟು ತಡೆಯಿರಿ. ಗೊಂಬೆಯನ್ನು ಮಲಗಿಸಿ “ಇವಳು ಸತ್ತುಹೋದಳು” ಎಂದು ಆಡುವುದೂ ಅಶುಭವಲ್ಲ. ತಿಳಿಯದ್ದನ್ನು ಮಗು ಆಟದಲ್ಲಿ ತಿಳಿದುಕೊಳ್ಳುತ್ತಿದೆ ಎಂದಷ್ಟೇ ಅದರ ಅರ್ಥ.

“ನಾನು ಗಲಾಟೆ ಮಾಡಿದ್ದಕ್ಕೆ ತಾತ ಸತ್ತುಹೋದರಾ?” ಎಂದು ಮಗು ಕೇಳಿದರೆ?

ಕೇಳಿದರೆ ನಿಮ್ಮ ಅದೃಷ್ಟ ಎನ್ನಬೇಕು, ಏಕೆಂದರೆ ಎಷ್ಟೋ ಮಕ್ಕಳು ಇದನ್ನು ಕೇಳದೆ ಒಳಗೇ ಇಟ್ಟುಕೊಳ್ಳುತ್ತಾರೆ. ತಾನು ಅಂದುಕೊಂಡದ್ದೇ ನಡೆಯುತ್ತದೆ ಎಂದು ನಂಬುವ ವಯಸ್ಸಿದು. ತಾತ ಮಲಗಿದ್ದಾಗ ಕಿರುಚಿದ್ದು, “ನಿಮ್ಮ ಜೊತೆ ಮಾತಾಡಲ್ಲ ಹೋಗಿ” ಎಂದು ಮುನಿಸಿಕೊಂಡದ್ದು, ಅವರು ಫೋನಿನಲ್ಲಿ ಕರೆದಾಗ ಬರಲೊಪ್ಪದೆ ಆಟದಲ್ಲೇ ಉಳಿದದ್ದು, ಇಂಥ ಯಾವುದನ್ನಾದರೂ ಮಗು ಸಾವಿನ ಜೊತೆ ಗಂಟು ಹಾಕಬಹುದು. “ತಾತನಿಗೆ ನಿನ್ನಿಂದಲೇ ಬಿಪಿ ಏರಿತು ನೋಡು” ಎಂದು ದೊಡ್ಡವರು ಹಿಂದೆಂದೋ ಸಲುಗೆಯಲ್ಲಿ ಬೈದಿದ್ದರಂತೂ ಗಂಟು ಇನ್ನೂ ಬಿಗಿ.

ಆದ್ದರಿಂದ ಮಗು ಕೇಳಲಿ ಬಿಡಲಿ, ಮೊದಲ ವಾರದಲ್ಲೇ ಒಮ್ಮೆ ನೀವಾಗಿಯೇ ಹೇಳಿ: “ನೀನು ಮಾಡಿದ್ದರಿಂದ, ಅಂದಿದ್ದರಿಂದ, ಮನಸ್ಸಲ್ಲಿ ಅಂದ್ಕೊಂಡಿದ್ದರಿಂದ ತಾತ ಸಾಯಲಿಲ್ಲ. ಅವರ ಹೃದಯದ ಕಾಯಿಲೆಯಿಂದ ಸತ್ತರು.” ಕಾಯಿಲೆಯ ಹೆಸರನ್ನು ಹೇಳುವುದು ಒಳ್ಳೆಯದು, ಹೆಸರಿರುವ ಕಾಯಿಲೆ ತನಗೆ ಬರುವ ಜ್ವರಕ್ಕಿಂತ ಬೇರೆ ಎಂದು ಮಗುವಿಗೆ ತಿಳಿಯುತ್ತದೆ. “ನಿನಗೆ ಬರೋ ನೆಗಡಿ, ಜ್ವರ, ಹೊಟ್ಟೆನೋವು ಅಂಥ ಕಾಯಿಲೆ ಅಲ್ಲ, ಅವು ವಾಸಿ ಆಗ್ತವೆ” ಎಂಬ ಮಾತನ್ನೂ ಜೊತೆಗೇ ಸೇರಿಸಿ. ಆಸ್ಪತ್ರೆಗೆ ಹೋದವರೆಲ್ಲ ಸಾಯುತ್ತಾರೆ ಎಂಬ ಭಾವನೆ ಬರದಂತೆ, ಅಲ್ಲಿಗೆ ಹೋಗಿ ಗುಣವಾಗಿ ಬಂದವರೊಬ್ಬರನ್ನು, ಸಾಧ್ಯವಾದರೆ ಆಸ್ಪತ್ರೆಯಲ್ಲೇ ಹುಟ್ಟಿದ ಆ ಮಗುವನ್ನೇ, ನೆನಪಿಸಿ.

ನಾವು ಈಗಾಗಲೇ “ಅಜ್ಜಿ ಮಲಗಿದ್ದಾರೆ” ಎಂದು ಹೇಳಿಬಿಟ್ಟಿದ್ದೇವೆ. ಈಗ ತಿದ್ದಬಹುದೇ?

ತಿದ್ದಬಹುದು, ತಿದ್ದಬೇಕು. ಒಂದು ಮನೆಯಲ್ಲಿ ನಡೆಯಬಹುದಾದದ್ದನ್ನು ಸ್ವಲ್ಪ ವಿವರವಾಗಿ ನೋಡೋಣ. ಮಗುವಿಗೆ ಐದು ವರ್ಷ, ಅಜ್ಜಿ ಅದೇ ಮನೆಯಲ್ಲಿದ್ದವರು. ಮೂತ್ರಪಿಂಡದ ಕಾಯಿಲೆಯಿಂದ ಆಸ್ಪತ್ರೆಗೆ ಸೇರಿ ಅಲ್ಲೇ ತೀರಿಕೊಂಡರು. ಮನೆಗೆ ತಂದ ದೇಹವನ್ನು ಕಂಡು ಮಗು ಕೇಳಿದಾಗ, “ಅಜ್ಜಿ ನಿದ್ದೆ ಮಾಡ್ತಿದ್ದಾರೆ, ಎಬ್ಬಿಸಬಾರದು” ಎಂದು ಬಂಧುಗಳೊಬ್ಬರು ಹೇಳಿದರು. ಹೇಳಿದವರ ಮನಸ್ಸು ಒಳ್ಳೆಯದೇ.

ಒಂದು ವಾರ ಕಳೆಯುವಷ್ಟರಲ್ಲಿ ಮಗು ಮಧ್ಯಾಹ್ನ ಮಲಗುವುದನ್ನು ಬಿಟ್ಟಿತು. ರಾತ್ರಿ ದೀಪ ಆರಿಸಲು ಬಿಡಲಿಲ್ಲ. ತಾಯಿ ಕಣ್ಣು ಮುಚ್ಚಿದರೆ ಸಾಕು, ಹತ್ತಿರ ಬಂದು ಪುಟ್ಟ ಬೆರಳಿನಿಂದ ಅವರ ರೆಪ್ಪೆಯನ್ನು ಮೇಲೆತ್ತಿ ನೋಡುತ್ತಿತ್ತು. ಹಠ ಜಾಸ್ತಿಯಾಗಿದೆ ಎಂದು ಮನೆಯವರು ಮೊದಲು ಅಂದುಕೊಂಡರು. ರೆಪ್ಪೆ ಎತ್ತಿ ನೋಡುವುದರಲ್ಲೇ ಮಗುವಿನ ಪ್ರಶ್ನೆಯಿತ್ತು: ಮಲಗಿದ ಅಜ್ಜಿ ಏಳಲಿಲ್ಲ, ಅಮ್ಮ ಏಳುತ್ತಾಳೋ ಇಲ್ಲವೋ?

ಇಂಥ ಮಗುವಿನೊಂದಿಗೆ ಹಗಲು ಹೊತ್ತಿನಲ್ಲಿ, ಏನಾದರೂ ಬಣ್ಣ ಹಚ್ಚುತ್ತಲೋ ಬಟ್ಟೆ ಮಡಿಚುತ್ತಲೋ ಕುಳಿತಾಗ, ಮಾತು ಹೀಗೆ ಸಾಗಬಹುದು.

“ಅಜ್ಜಿ ಮಲಗಿದ್ದಾರೆ ಅಂತ ಆವತ್ತು ನಿನಗೆ ಹೇಳಿದ್ರು ಅಲ್ವಾ? ಅದು ಸರಿಯಾದ ಮಾತಲ್ಲ. ಅಜ್ಜಿ ಮಲಗಿರಲಿಲ್ಲ. ಅವರು ಸತ್ತುಹೋಗಿದ್ರು.”

“ಕಣ್ಣು ಮುಚ್ಚಿದ್ರು.”

“ಹೌದು, ಮುಚ್ಚಿದ್ರು. ನೋಡೋಕೆ ನಿದ್ದೆ ಥರ ಕಾಣ್ತಿತ್ತು. ಆದ್ರೆ ನಿದ್ದೆ ಮಾಡೋವಾಗ ನಮ್ಮ ದೇಹ ಕೆಲಸ ಮಾಡ್ತಾ ಇರುತ್ತೆ. ಉಸಿರಾಡುತ್ತೆ, ಎದೆ ಬಡಿಯುತ್ತೆ, ಕನಸು ಬೀಳುತ್ತೆ. ಬೆಳಿಗ್ಗೆ ಎದ್ದೇಳ್ತೀವಿ. ಸತ್ತಾಗ ಅದೆಲ್ಲ ನಿಂತುಹೋಗುತ್ತೆ. ಅಜ್ಜಿಗೆ ಮೂತ್ರಪಿಂಡದ ಕಾಯಿಲೆ ಇತ್ತು, ಅದರಿಂದ ಸತ್ತರು. ನಿದ್ದೆ ಮಾಡಿದ್ದಕ್ಕೆ ಯಾರೂ ಸಾಯಲ್ಲ.”

ನಂತರ ಮಗುವಿನ ಕೈಯನ್ನು ತಾಯಿ ತನ್ನ ಎದೆಯ ಮೇಲಿಟ್ಟು ಬಡಿತವನ್ನು ತೋರಿಸಬಹುದು. ತಂದೆ ಮಲಗಿದ್ದಾಗ ಅವರ ಹೊಟ್ಟೆ ಉಸಿರಿನೊಂದಿಗೆ ಏರಿಳಿಯುವುದನ್ನು ಇಬ್ಬರೂ ಕುಳಿತು ನೋಡಬಹುದು. ಕೇಳಿ ತಿಳಿಯುವುದಕ್ಕಿಂತ ಮುಟ್ಟಿ ತಿಳಿಯುವುದು ಈ ವಯಸ್ಸಿಗೆ ಬೇಗ ಹತ್ತುತ್ತದೆ.

ಅದೇ ರಾತ್ರಿ ಎಲ್ಲವೂ ಸರಿಹೋಗುತ್ತದೆ ಎಂದು ನಿರೀಕ್ಷಿಸಬಾರದು. ರೆಪ್ಪೆ ಎತ್ತುವುದು ಕೆಲವು ದಿನ ಮುಂದುವರಿಯಬಹುದು, ಮತ್ತು ಪ್ರತಿ ಸಲವೂ “ಉಸಿರಾಡ್ತಿದ್ದೀನಿ ನೋಡು, ನಿದ್ದೆ ಬಂದಿದೆ ಅಷ್ಟೆ” ಎಂದು ಗದರದೆ ಹೇಳಬೇಕಾಗುತ್ತದೆ. ಸರಿಯಾಗಿ ತಲುಪಿದೆಯೇ ಎಂದು ತಿಳಿಯಲು ಒಂದು ದಾರಿಯಿದೆ: ಎರಡು ದಿನ ಬಿಟ್ಟು, “ಅಜ್ಜಿಗೆ ಏನಾಯ್ತು ಅಂತ ನಿನ್ನ ಗೊಂಬೆಗೆ ಹೇಳು ನೋಡೋಣ” ಎನ್ನಿ. ಮಗು ತನ್ನ ಮಾತಿನಲ್ಲಿ ಹೇಳುವಾಗ ಎಲ್ಲಿ ನಿದ್ದೆ ಮತ್ತೆ ನುಸುಳುತ್ತದೆ, ಎಲ್ಲಿ ಆಸ್ಪತ್ರೆಯ ಮೇಲೆ ದೂರು ಬರುತ್ತದೆ ಎಂಬುದು ಕಾಣುತ್ತದೆ, ಅಷ್ಟನ್ನು ಮಾತ್ರ ಸರಿಪಡಿಸಿದರಾಯಿತು. ಮನೆಯ ಉಳಿದವರಿಗೂ, ಮುಖ್ಯವಾಗಿ ಆ ಮೊದಲ ಮಾತು ಹೇಳಿದ ಬಂಧುವಿಗೂ, ಇನ್ನು ಮುಂದೆ ಏನು ಹೇಳಬೇಕೆಂದು ತಿಳಿಸಿಡಿ. ಒಬ್ಬೊಬ್ಬರು ಒಂದೊಂದು ಹೇಳಿದರೆ ಮಗು ತನಗೆ ಹೆಚ್ಚು ಭಯ ಹುಟ್ಟಿಸುವುದನ್ನೇ ಹಿಡಿದುಕೊಳ್ಳಬಹುದು.

ಒಂದೇ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳುತ್ತದೆ. ಏನು ಮಾಡುವುದು?

ಹತ್ತು ಸಲವೂ ಅದೇ ಉತ್ತರ ಕೊಡುವುದು. “ತಾತ ಯಾವಾಗ ಬರ್ತಾರೆ?” ಎಂದು ಸೋಮವಾರ ಕೇಳಿದ ಮಗು ಮಂಗಳವಾರವೂ ಕೇಳುವುದು ಮರೆತದ್ದರಿಂದಲ್ಲ; ಉತ್ತರ ಬದಲಾಗಿದೆಯೇ ಎಂದು ಪರೀಕ್ಷಿಸುತ್ತದೆ. ಬೇಸತ್ತು ಒಮ್ಮೆ “ನಾಳೆ ಬರ್ತಾರೆ ಹೋಗು” ಎಂದುಬಿಟ್ಟರೆ ಅದುವರೆಗೆ ಹೇಳಿದ್ದೆಲ್ಲ ಸಡಿಲವಾಗುತ್ತದೆ. “ತಾತ ಸತ್ತುಹೋಗಿದ್ದಾರೆ ಪುಟ್ಟಾ, ಬರಲ್ಲ. ನೆನಪಾಯ್ತಾ?” ಎಂದರೆ ಸಾಕು. ಕೊನೆಯ ಆ ಪ್ರಶ್ನೆಯಿಂದ ಬಹಳ ಸಲ ಮಾತು ಬೇರೆ ದಾರಿ ಹಿಡಿಯುತ್ತದೆ, ಏಕೆಂದರೆ ಮಗು ತಾತ ಬರುವ ದಿನಾಂಕವನ್ನು ಕೇಳುತ್ತಿಲ್ಲ, ಶಾಲೆಯಿಂದ ಕರೆತರುತ್ತಿದ್ದ ತಾತನ ಕೈಯನ್ನು ಕೇಳುತ್ತಿದೆ. ಹಾಗಾಗಿ, ತಾತ ಮಾಡುತ್ತಿದ್ದ ಕೆಲಸವನ್ನು ನಾಳೆಯಿಂದ ಯಾರು ಮಾಡುತ್ತಾರೆ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಸಾವಿನ ಬಗ್ಗೆ ಎಷ್ಟೇ ಚೆನ್ನಾಗಿ ವಿವರಿಸಿದರೂ, “ನಾಳೆ ನನ್ನನ್ನು ಕರೆದುಕೊಂಡು ಬರಲು ಯಾರು ಬರುತ್ತಾರೆ?” ಎಂಬುದು ತಿಳಿಯದಿದ್ದರೆ ಮಗುವಿಗೆ ನೆಲೆ ಸಿಗುವುದಿಲ್ಲ.

“ಅಮ್ಮಾ, ನೀನೂ ಸಾಯ್ತೀಯಾ? ನಾನೂ ಸಾಯ್ತೀನಾ?” ಎಂದರೆ?

“ಛೀ, ಬಿಡ್ತು ಅನ್ನು” ಎಂಬುದು ನಮ್ಮ ಮೊದಲ ಪ್ರತಿಕ್ರಿಯೆ. “ಇಲ್ಲ, ನಾನು ಎಂದೂ ಸಾಯಲ್ಲ” ಎಂಬ ಭರವಸೆ ಎರಡನೆಯದು. ಮೊದಲನೆಯದು ಪ್ರಶ್ನೆಯ ಬಾಯಿ ಮುಚ್ಚಿಸುತ್ತದೆ, ಎರಡನೆಯದು ಸುಳ್ಳು, ಮತ್ತು ಮಗು ಅದನ್ನು ಒಂದೆರಡು ವರ್ಷದಲ್ಲಿ ಕಂಡುಹಿಡಿಯುತ್ತದೆ. ನಾಳೆ ಏನಾಗುತ್ತದೆಂದು ಯಾರೂ ಖಾತ್ರಿ ಕೊಡಲಾರರು, ಆದ್ದರಿಂದ ಉತ್ತರದಲ್ಲಿ ಅಂಥ ಖಾತ್ರಿಯೂ ಇರಬಾರದು. “ಎಲ್ಲರೂ ಒಂದು ದಿನ ಸಾಯ್ತಾರೆ. ಬಹಳ ಜನ ತುಂಬ ವಯಸ್ಸಾದ ಮೇಲೆ ಸಾಯ್ತಾರೆ. ನಾನು ಈಗ ಆರೋಗ್ಯವಾಗಿದ್ದೀನಿ, ನಿನ್ನ ಜೊತೆ ತುಂಬ ವರ್ಷ ಇರ್ತೀನಿ ಅಂತ ಅಂದ್ಕೊಂಡಿದ್ದೀನಿ” ಎಂಬ ಮಾತಿನಲ್ಲಿ ಸುಳ್ಳಿಲ್ಲ, ಭಯವೂ ಇಲ್ಲ.

ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ: ನೀನಿಲ್ಲದಿದ್ದರೆ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಅದನ್ನು ಮುಚ್ಚಿಡಬೇಕಾಗಿಲ್ಲ. ಅಪ್ಪ, ಚಿಕ್ಕಮ್ಮ, ಮಾವ ಎಂದು ಮಗುವಿನ ಜೊತೆಗಿರುವವರ ಹೆಸರುಗಳನ್ನು ಒಂದೊಂದಾಗಿ ಹೇಳಿ, “ನಿನ್ನನ್ನ ನೋಡ್ಕೊಳ್ಳೋಕೆ ಯಾವಾಗಲೂ ಯಾರಾದ್ರೂ ಇರ್ತಾರೆ” ಎನ್ನಿ.

“ಈಗ ತಾತ ಎಲ್ಲಿದ್ದಾರೆ?” ಎಂಬುದಕ್ಕೆ ನಮ್ಮ ನಂಬಿಕೆಯನ್ನು ಹೇಳಬಾರದೇ?

ಹೇಳಬಹುದು, ಆದರೆ ಕ್ರಮ ಮುಖ್ಯ. ದೇಹಕ್ಕೆ ಏನಾಯಿತು ಎಂಬುದು ಮೊದಲು ಬರಲಿ, ನಂಬಿಕೆ ನಂತರ ಬರಲಿ, ಮತ್ತು ಅದು ನಂಬಿಕೆ ಎಂದೇ ಬರಲಿ: “ತಾತನ ದೇಹ ಕೆಲಸ ನಿಲ್ಲಿಸಿದೆ, ಅದು ಮತ್ತೆ ಬರಲ್ಲ. ಅವರು ದೇವರ ಹತ್ತಿರ ಇದ್ದಾರೆ ಅಂತ ನಾವು ನಂಬ್ತೀವಿ.” ದೇಹದ ವಿಷಯ ಹೇಳದೆ ಬರಿಯ ಆಕಾಶವನ್ನೋ ನಕ್ಷತ್ರವನ್ನೋ ತೋರಿಸಿದರೆ, ವಿಮಾನದಲ್ಲಿ ಹೋಗಿ ಕರೆತರೋಣ ಎಂಬ ಬೇಡಿಕೆ ಬರುತ್ತದೆ, ಮೋಡ ಕವಿದ ರಾತ್ರಿ ನಕ್ಷತ್ರ ಕಾಣದಿದ್ದರೆ ಅದೊಂದು ಹೊಸ ಸಂಕಟ. ಅಂಥ ನಂಬಿಕೆಯಿಲ್ಲದ ಮನೆಯವರು “ಸತ್ತ ಮೇಲೆ ಏನಾಗುತ್ತೆ ಅಂತ ಒಬ್ಬೊಬ್ಬರು ಒಂದೊಂದು ನಂಬ್ತಾರೆ, ನನಗೆ ಗೊತ್ತಿಲ್ಲ” ಎಂದು ಹೇಳಿದರೆ ಮಗು ಅದನ್ನು ನಾವು ಅಂದುಕೊಳ್ಳುವುದಕ್ಕಿಂತ ಸುಲಭವಾಗಿ ಒಪ್ಪಿಕೊಳ್ಳುತ್ತದೆ.

ಅಂತಿಮ ದರ್ಶನಕ್ಕೆ, ಅಂತ್ಯಕ್ರಿಯೆಗೆ ಮಗುವನ್ನು ಕರೆದೊಯ್ಯಬಹುದೇ?

ಮುಂಚಿತವಾಗಿ ಹೇಳಿ ಕರೆದೊಯ್ದರೆ ಹೆಚ್ಚಿನ ಮಕ್ಕಳು ಅದನ್ನು ತಾಳಿಕೊಳ್ಳುತ್ತಾರೆ. ಹೇಳದೆ ಕೇಳದೆ ಎತ್ತಿಕೊಂಡು ಹೋಗಿ ದೇಹದ ಮುಂದೆ ನಿಲ್ಲಿಸುವುದು ತೊಂದರೆ. ಅಲ್ಲಿ ಏನು ಕಾಣುತ್ತದೆ ಎಂದು ಮೊದಲೇ ವಿವರಿಸಿ. ತಾತ ಅಲ್ಲಾಡುವುದಿಲ್ಲ, ಮುಟ್ಟಿದರೆ ತಣ್ಣಗಿರುತ್ತಾರೆ, ಬಣ್ಣ ಸ್ವಲ್ಪ ಬೇರೆಯಾಗಿರಬಹುದು, ಬಹಳ ಜನ ಇರುತ್ತಾರೆ, ದೊಡ್ಡವರು ಜೋರಾಗಿ ಅಳಬಹುದು. ನಂತರ ಬರುತ್ತೀಯಾ ಎಂದು ಕೇಳಿ. ಬೇಡ ಎಂದರೆ ಒತ್ತಾಯವಿಲ್ಲ, ಬೇಡ ಎಂದದ್ದಕ್ಕೆ ಆಡಿಕೊಳ್ಳುವುದೂ ಇಲ್ಲ. ಮಗುವಿಗೆ ಸಾಕೆನಿಸಿದ ಕೂಡಲೇ ಹೊರಗೆ ಕರೆದೊಯ್ಯಲು ಒಬ್ಬರನ್ನು ಗೊತ್ತು ಮಾಡಿಡಿ. ಆ ವ್ಯಕ್ತಿ ತಾಯಿ ಅಥವಾ ತಂದೆಯಾಗಿರದಿದ್ದರೆ ಒಳ್ಳೆಯದು, ಅವರಿಗೂ ಅಳಲು ಬಿಡುವು ಬೇಕಲ್ಲವೇ.

ದಹನವನ್ನೋ ಸಮಾಧಿಯನ್ನೋ ವಿವರಿಸಬೇಕಾದಾಗ, ದೇಹಕ್ಕೆ ಈಗ ಏನೂ ತಿಳಿಯುವುದಿಲ್ಲ, ನೋವಾಗುವುದಿಲ್ಲ ಎಂಬ ಮಾತು ಮೊದಲೇ ಗಟ್ಟಿಯಾಗಿರಬೇಕು. ಅದು ಗಟ್ಟಿಯಾಗದೆ ಬೆಂಕಿಯ ಅಥವಾ ಮಣ್ಣಿನ ವಿಷಯ ಎತ್ತಿದರೆ ಮಗುವಿನ ಕಣ್ಣಿಗೆ ಕಾಣುವುದು ಬದುಕಿರುವ ತಾತನೇ.

ಮಗುವಿನ ಮುಂದೆ ನಾನು ಅತ್ತರೆ?

ಅಳಿ, ಕಾರಣ ಹೇಳಿ. “ನನ್ನ ಅಮ್ಮ ನೆನಪಾಗಿ ಅಳು ಬಂತು. ನೀನೇನೂ ತಪ್ಪು ಮಾಡಿಲ್ಲ. ಸ್ವಲ್ಪ ಹೊತ್ತಿಗೆ ಸರಿಹೋಗ್ತೀನಿ.” ಅಳು ಕೈಮೀರಿ ಬರುವಂತಿದ್ದರೆ ಆ ಹೊತ್ತಿಗೆ ಮಗುವನ್ನು ಇನ್ನೊಬ್ಬರ ಬಳಿ ಬಿಡಿ. ನಿಮ್ಮ ಕಣ್ಣೀರು ಒರೆಸಲು ಮಗು ಮುಂದಾದರೆ ತಡೆಯಬೇಕಿಲ್ಲ, ಆದರೆ “ಅಮ್ಮನನ್ನು ನೀನೇ ಸಮಾಧಾನ ಮಾಡಬೇಕು” ಎಂದು ಬಂಧುಗಳು ಆ ಕೆಲಸವನ್ನು ಅದರ ತಲೆಗೆ ಕಟ್ಟಲು ಬಿಡಬೇಡಿ.

ಫೋಟೊ, ಕನ್ನಡಕ, ಫೋನಿನಲ್ಲಿರುವ ಧ್ವನಿ ಇವನ್ನೆಲ್ಲ ಮಗುವಿನ ಕಣ್ಣಿಂದ ದೂರ ಇಡಬೇಕೇ?

ಬೇಡ. ಒಂದು ವಸ್ತುವನ್ನು ಮಗುವೇ ಆರಿಸಿಕೊಳ್ಳಲಿ. ವೀಡಿಯೊ ಕರೆಯಲ್ಲೇ ಹೆಚ್ಚಾಗಿ ತಾತನನ್ನು ಕಂಡ ಮಗುವಿಗೆ ಮಾತ್ರ ಇನ್ನೊಂದು ವಿವರಣೆ ಬೇಕು: ಫೋನಿನಲ್ಲಿ ಅವರು ನಗುತ್ತಿರುವುದು ಹಿಂದೆ ತೆಗೆದ ವೀಡಿಯೊ, ಈಗ ಕರೆ ಮಾಡಿದರೆ ಅವರು ಎತ್ತುವುದಿಲ್ಲ. ಆ ಸಂಖ್ಯೆಗೆ ಕರೆ ಮಾಡಲು ಮಗು ಹಠ ಹಿಡಿದರೆ, ಹೇಳಿದ್ದು ಇನ್ನೂ ಪೂರ್ತಿ ತಲುಪಿಲ್ಲವೆಂದು ತಿಳಿಯಿರಿ.

ಎಷ್ಟು ದಿನ ಕಾಯಬಹುದು, ಯಾವಾಗ ತಜ್ಞರನ್ನು ಕಾಣಬೇಕು?

ಮೊದಲ ಕೆಲವು ವಾರ ಹಾಸಿಗೆ ಒದ್ದೆ ಮಾಡುವುದು, ಮತ್ತೆ ಬೆರಳು ಚೀಪುವುದು, ತಾಯಿಯ ಸೆರಗು ಬಿಡದಿರುವುದು, ಶಾಲೆಯ ಬಾಗಿಲಲ್ಲಿ ಅಳುವುದು, ಹೊಟ್ಟೆನೋವು ಎನ್ನುವುದು ಸಾಮಾನ್ಯ. ಶಿಕ್ಷಕರಿಗೆ ವಿಷಯವನ್ನು, ಮತ್ತು ಮನೆಯಲ್ಲಿ ನೀವು ಬಳಸುತ್ತಿರುವ ಮಾತನ್ನೂ, ತಿಳಿಸಿಡಿ. ದಿನಗಳು ಕಳೆದಂತೆ ಇವು ನಿಧಾನವಾಗಿ ಇಳಿಯುತ್ತಿದ್ದರೆ ನಡುನಡುವೆ ಕೆಟ್ಟ ದಿನಗಳಿದ್ದರೂ ಚಿಂತೆಯಿಲ್ಲ.

ಇಳಿಯದೆ ಏರುತ್ತಿದ್ದರೆ, ತಿಂಗಳುಗಳಾದರೂ ಮಗು ಆಟಕ್ಕೇ ಹೋಗದಿದ್ದರೆ, ಊಟ ನಿದ್ದೆ ಕೆಟ್ಟು ಸೊರಗುತ್ತಿದ್ದರೆ, ಎಲ್ಲ ತನ್ನಿಂದಲೇ ಆಯಿತು ಎಂಬ ಮಾತನ್ನು ಬಿಡದಿದ್ದರೆ ಮಕ್ಕಳ ವೈದ್ಯರನ್ನೋ ಮಕ್ಕಳ ಮನೋವೈದ್ಯರನ್ನೋ ಕಾಣಬೇಕು. ತೀವ್ರ ದುಃಖ ಆರು ತಿಂಗಳಾದರೂ ಹಾಗೆಯೇ ಉಳಿದು ದಿನದ ಬದುಕಿಗೆ ಅಡ್ಡಿಯಾಗುತ್ತಿದ್ದರೆ ಅದನ್ನು ದೀರ್ಘಕಾಲದ ಶೋಕದ ತೊಂದರೆ ಎಂದು ವೈದ್ಯರು ಪರಿಶೀಲಿಸುತ್ತಾರೆ, ಆದರೆ ಸಹಾಯ ಕೇಳಲು ಆ ಅವಧಿ ಮುಗಿಯುವವರೆಗೆ ಕಾಯಬೇಕಾಗಿಲ್ಲ. “ನಾನೂ ಸತ್ತು ತಾತನ ಹತ್ತಿರ ಹೋಗ್ತೀನಿ” ಎಂದು ಮಗು ಹೇಳಿದರೆ, ಅದು ಬಹಳ ಸಲ ತಾತನನ್ನು ನೋಡಬೇಕೆಂಬ ಆಸೆಯಷ್ಟೇ ಆಗಿರುತ್ತದೆ. ಆದರೂ ಹಗುರವಾಗಿ ತಳ್ಳಿಹಾಕದೆ, ಹೇಗೆ ಹೋಗುತ್ತೀಯಾ, ಹೋಗಿ ಏನು ಮಾಡುತ್ತೀಯಾ ಎಂದು ಶಾಂತವಾಗಿ ಕೇಳಿ. ಉತ್ತರದಲ್ಲಿ ತನಗೆ ಏನಾದರೂ ಮಾಡಿಕೊಳ್ಳುವ ಸುಳಿವು ಕಂಡರೆ ಅದೇ ದಿನ ವೈದ್ಯರ ಬಳಿಗೆ ಹೋಗಬೇಕು.

ವರ್ಷ ಕಳೆದ ಮೇಲೆ ಮಗು ಮತ್ತೆ ಮೊದಲಿನಿಂದ ಕೇಳಲಾರಂಭಿಸಿದೆ. ಇದು ಸರಿಯೇ?

ಸರಿ. ನಾಲ್ಕು ವರ್ಷದಲ್ಲಿ “ಸತ್ತುಹೋದರು” ಎಂಬ ಮಾತನ್ನು ಕೇಳಿಸಿಕೊಂಡ ಮಗುವಿಗೆ ಏಳು ವರ್ಷದಲ್ಲಿ ಅದರ ಪೂರ್ಣ ಅರ್ಥ ಹೊಳೆಯುತ್ತದೆ, ಮತ್ತು ಮೊದಲ ಸಲ ಅಳದಿದ್ದ ಮಗು ಆಗ ಅಳಬಹುದು. ಹೃದಯ ಏಕೆ ನಿಂತಿತು, ಮಾತ್ರೆ ಏಕೆ ಕೆಲಸ ಮಾಡಲಿಲ್ಲ, ನೀನು ಆಗ ಎಲ್ಲಿದ್ದೆ ಎಂಬಂಥ ಹೊಸ ಪ್ರಶ್ನೆಗಳು ಬರುತ್ತವೆ. ಅವಕ್ಕೆ ಆ ವಯಸ್ಸಿಗೆ ತಕ್ಕಂತೆ ಇನ್ನಷ್ಟು ವಿವರ ಸೇರಿಸಿ ಉತ್ತರಿಸಬಹುದು. ಮೊದಲ ದಿನ ಹೇಳಿದ್ದು ನಿಜವೇ ಆಗಿದ್ದರೆ, ಈಗ ಅದರಲ್ಲಿ ಏನನ್ನೂ ಹಿಂದಕ್ಕೆ ಪಡೆಯಬೇಕಾಗುವುದಿಲ್ಲ.